ಬೆಳೆಯೋ ಮಕ್ಕಳ ಪ್ಯಾಂಟು: ಹೊಲಿಸೋದಾದರೆ ಟೈಲರ್‌ಗೆ ಏನು ಹೇಳಬೇಕು

«ಮಗನಿಗೆ 7 ವರ್ಷ. ಕಾಟನ್ ಪ್ಯಾಂಟ್ ತಗೊಂಡ ಆರೇ ತಿಂಗಳಿಗೆ ಒಂದೂವರೆ ಇಂಚು ಗಿಡ್ಡ ಆಗ್ತಿದೆ. ಟೈಲರ್ ಹತ್ರ ಹೊಲಿಸೋದಾ, ರೆಡಿಮೇಡೇ ತಗೊಳ್ಳೋದಾ? ಹೊಲಿಸಿದ್ರೆ ಒಳಗೆ ಎಷ್ಟು ಬಟ್ಟೆ ಬಿಡಿಸ್ಬೇಕು?»

ದಿನಾ ಹಾಕೋ ಪ್ಯಾಂಟಾದರೆ ಹೊಲಿಸಿ. ಆದರೆ ಆ ಒಂದೂವರೆ ಇಂಚು ಪೂರ್ತಿ ಮಗ ಬೆಳೆದದ್ದಲ್ಲ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಎತ್ತರ ಆಗ್ತಾರೆ, ಅದರಲ್ಲಿ ಕಾಲಿನ ಪಾಲು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಆರು ತಿಂಗಳಿಗೆ ಪ್ಯಾಂಟಿಗೆ ಬೇಕಾಗೋದು ಅರ್ಧ ಇಂಚಿನ ಮೇಲೆ ಚೂರು. ಉಳಿದದ್ದು ಒಗೆತದಲ್ಲಿ ಕುಗ್ಗಿದ್ದೇ ಇರಬೇಕು. ಕಾಟನ್ 100ಕ್ಕೆ 4 ಕುಗ್ಗಿದರೂ 27 ಇಂಚಿನ ಪ್ಯಾಂಟಿನಲ್ಲಿ ಒಂದು ಇಂಚು ಹೋಯಿತು. ಅದಕ್ಕೆ ಬಟ್ಟೆ ತಂದ ತಕ್ಷಣ ಟೈಲರ್‌ಗೆ ಕೊಡಬೇಡಿ. ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿ ಕೊಡಿ. ಎಷ್ಟು ಕುಗ್ಗಿತು ಅಂತ ನೋಡಬೇಕಿದ್ದರೆ ನೆನೆಸೋ ಮೊದಲು ಉದ್ದಕ್ಕೆ 50 ಸೆಂ.ಮೀ. ಅಳೆದು ಎರಡು ದಾರದ ಗುರುತು ಹಾಕಿ, ಒಣಗಿದ ಮೇಲೆ ಮತ್ತೆ ಅಳೆಯಿರಿ.

ಇದೇ ಪ್ರಶ್ನೆಗೆ ಇನ್ನೊಬ್ಬರು ‘ರೆಡಿಮೇಡಲ್ಲಿ ಎರಡು ಸೈಜ್ ದೊಡ್ಡದು ತಗೊಂಡು ಮಡಚಿಬಿಡಿ’ ಅಂದಿದ್ದಾರೆ. ಉದ್ದದ ಮಟ್ಟಿಗೆ ಸರಿ. ಆದರೆ ಎರಡು ಸೈಜ್ ಮೇಲಾದರೆ ಸೀಟೂ ದೊಡ್ಡದಾಗುತ್ತೆ, ತೊಡೆಸಂದಿ ಕೆಳಗೆ ಜೋತುಬೀಳುತ್ತೆ, ಓಡುವಾಗ ಹೊಲಿಗೆ ಬಿರಿಯೋದು ಅಲ್ಲೇ. ಮಕ್ಕಳು ಉದ್ದಕ್ಕೆ ಬೆಳೆದಷ್ಟು ಸೊಂಟಕ್ಕೆ ಬೆಳೆಯೋದಿಲ್ಲ. ರೆಡಿಮೇಡಿನ ಸೈಜು ಮಾತ್ರ ಎರಡನ್ನೂ ಒಟ್ಟಿಗೆ ಏರಿಸುತ್ತೆ.

ಈಗ ಲೆಕ್ಕ. ಸೊಂಟದಿಂದ ಹಿಮ್ಮಡಿವರೆಗೆ 27 ಇಂಚು ಬಂತು ಅಂತಿಟ್ಟುಕೊಳ್ಳಿ. ಹೊಲಿದಾಗ 27½ ಇರಲಿ, ಬಾಟಮ್‌ನಲ್ಲಿ ಇನ್ನೂ 3 ಇಂಚು ಒಳಗೆ ಮಡಚಿಸಿ. ಕೊನೆಗೆ ಮಡಿಕೆಗೆ 1 ಇಂಚು ಉಳಿಸಿದರೂ 2 ಇಂಚು ಇಳಿಸಬಹುದು, ಹೆಚ್ಚುಕಡಿಮೆ ಒಂದೂವರೆ ವರ್ಷ ಬರುತ್ತೆ. ಪ್ಯಾಂಟಿನ ಕಾಲು ಮೊಣಕಾಲಿನ ಕೆಳಗೆ ನೇರವಾಗಿರಬೇಕು ಅಂತ ಖಂಡಿತ ಹೇಳಿ. ಕಿರಿದಾಗುತ್ತಾ ಹೋಗೋ ಪ್ಯಾಂಟಿನ ತುದಿಯನ್ನು 3 ಇಂಚು ಮಡಚಿದರೆ ಒಳಗಿನ ಬಟ್ಟೆ ಹೊರಗಿನದಕ್ಕಿಂತ ಸಣ್ಣದಾಗಿ ಸುತ್ತಲೂ ಎಳೆದು ಸುಕ್ಕು ಬೀಳುತ್ತೆ. ಅದನ್ನು ಸರಿಮಾಡೋಕೆ ಟೈಲರ್ ಮಡಿಕೆಯ ಭಾಗವನ್ನು ಅಗಲ ಮಾಡಿ ಕತ್ತರಿಸಿದರೆ, ಇಳಿಸಿದ ದಿನ ಬಾಟಮ್ ಗಂಟೆಯ ಹಾಗೆ ಅರಳಿಕೊಳ್ಳುತ್ತೆ.

ಸೊಂಟಕ್ಕೆ ಹಿಂಭಾಗದ ನಡುಹೊಲಿಗೆಯಲ್ಲಿ ಎರಡೂ ಕಡೆ ಒಂದೊಂದು ಇಂಚು ಬಿಡಿಸಿ. ಬಿಚ್ಚಿದಾಗ ಒಟ್ಟು ಒಂದೂವರೆ ಇಂಚು ಸಿಗುತ್ತೆ. ಆದರೆ ಸೊಂಟದ ಪಟ್ಟಿಯನ್ನೂ ಹಿಂದೆ ನಡುವಲ್ಲೇ ಎರಡು ತುಂಡಾಗಿ ಸೇರಿಸಿರಬೇಕು. ಪಟ್ಟಿ ಒಂದೇ ಉದ್ದನೆ ತುಂಡಾಗಿದ್ದರೆ ಕೆಳಗೆ ಎಷ್ಟು ಬಟ್ಟೆ ಬಿಟ್ಟಿದ್ದರೂ ವ್ಯರ್ಥ. ರೆಡಿಮೇಡನ್ನು ದೊಡ್ಡದು ಮಾಡಿಸಲಾಗದೆ ಇರೋದಕ್ಕೆ ಇದೂ ಒಂದು ಕಾರಣ, ಜೊತೆಗೆ ಒಳಗಿನ ಬಟ್ಟೆಯನ್ನು ಹೊಲಿಗೆಯ ಹತ್ತಿರಕ್ಕೇ ಕತ್ತರಿಸಿ ಓವರ್‌ಲಾಕ್ ಹಾಕಿರ್ತಾರೆ. ಇನ್ನು ತೊಡೆಸಂದಿಯ ಬಾಗಿದ ಹೊಲಿಗೆಯಲ್ಲಿ ಹೆಚ್ಚು ಬಟ್ಟೆ ಬಿಟ್ಟರೆ ಗಂಟಾಗಿ ಒತ್ತುತ್ತೆ, ಅಲ್ಲಿ ಬಿಡಿಸಬೇಡಿ. ಹಾಗಾಗಿ ಕೂತಾಗ ಹಿಂದೆ ಪಟ್ಟಿ ಕೆಳಗೆ ಜಾರೋಕೆ ಶುರುವಾದರೆ ಆ ಪ್ಯಾಂಟಿನ ಆಯಸ್ಸು ಮುಗಿಯಿತು, ಮಡಿಕೆಯಲ್ಲಿ ಬಟ್ಟೆ ಉಳಿದಿದ್ದರೂ ಅಷ್ಟೇ. ಅಂಗಿಯಲ್ಲಿ ಭುಜ, ಕಂಕುಳದ ಕಥೆಯೂ ಇದೇ.

ಇಳಿಸಿದ ಮೇಲೆ ಹಳೇ ಮಡಿಕೆಯ ಗೆರೆ ಕಾಣುತ್ತಲ್ಲ, ಅದರಲ್ಲಿ ಎರಡು ಬೇರೆ ಬೇರೆ ಸಂಗತಿ ಇದೆ. ಇಸ್ತ್ರಿ ಗೆರೆಯಾದರೆ ನೀರಿಗೆ ಸ್ವಲ್ಪ ಬಿಳಿ ವಿನೆಗರ್ ಬೆರೆಸಿ ಒದ್ದೆ ಮಾಡಿ, ಮೇಲೆ ತೆಳು ಬಟ್ಟೆ ಹಾಕಿ ಇಸ್ತ್ರಿ ಮಾಡಿದರೆ ಸುಮಾರಾಗಿ ಹೋಗುತ್ತೆ. ಮೊದಲು ಒಳಮಡಿಕೆಯಲ್ಲಿ ಒಂದು ಚೂರು ಪರೀಕ್ಷಿಸಿ ನೋಡಿ. ಹೊರಗಿನ ಬಟ್ಟೆ ಬಿಸಿಲಿಗೆ ಮಾಸಿ, ಒಳಗಿನದು ಕಡುಬಣ್ಣವಾಗೇ ಉಳಿದಿದ್ದರೆ ಅದಕ್ಕೆ ಮದ್ದಿಲ್ಲ. ಕಡುನೀಲಿ, ಕಪ್ಪು ಬಟ್ಟೆಯಲ್ಲಿ ಇದು ಎದ್ದು ಕಾಣುತ್ತೆ. ಒಂದೂವರೆ ವರ್ಷ ಕಾದು ಒಮ್ಮೆಗೇ ಇಳಿಸೋ ಬದಲು ನಾಲ್ಕೈದು ತಿಂಗಳಿಗೊಮ್ಮೆ ಅರ್ಧರ್ಧ ಇಂಚು ಇಳಿಸಿದರೆ ವ್ಯತ್ಯಾಸ ಅಷ್ಟು ಕಾಣೋದಿಲ್ಲ.

ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್, ಒಳಉಡುಪು ಎಲ್ಲ ರೆಡಿಮೇಡೇ ತಗೊಳ್ಳಿ. ಎಳೆದರೆ ಹಿಗ್ಗೋ ಬಟ್ಟೆಗೆ ಸಾದಾ ಮಿಷಿನ್ನಿನ ನೇರ ಹೊಲಿಗೆ ಹಾಕಿದರೆ ತಲೆ ತೂರಿಸುವಾಗಲೇ ದಾರ ಪಟಪಟ ಕಿತ್ತುಬರುತ್ತೆ.

ಮಗಳ ರೇಷ್ಮೆ ಲಂಗಕ್ಕೂ ಹೀಗೆ ಬಟ್ಟೆ ಬಿಡಿಸಬಹುದಾ, ಬಿಚ್ಚಿದರೆ ಸೂಜಿಯ ತೂತು ಉಳಿಯಲ್ವಾ ಅಂತ ಕೇಳಿದವರಿಗೆ: ಪ್ರಶ್ನೆ ಪ್ಯಾಂಟಿನದು, ಇರಲಿ. ಲಂಗಕ್ಕೆ ಒಳಮಡಿಕೆ ಬೇಡ, ಅಂಚು ಮುಚ್ಚಿಹೋಗುತ್ತೆ. ಅಂಚಿನ ಮೇಲುಗಡೆಯೇ ಅರ್ಧ ಇಂಚಿನ ಎರಡು ಟಕ್ ಹಾಕಿಸಿ, ಒಂದು ಬಿಚ್ಚಿದರೆ ಒಂದು ಇಂಚು ಉದ್ದ ಸಿಗುತ್ತೆ. ರೇಷ್ಮೆಯಲ್ಲಿ ಸೂಜಿಯ ತೂತು ಉಳಿಯುತ್ತೆ ಅನ್ನೋದು ನಿಜ. ಸಣ್ಣ ಸೂಜಿ, ಉದ್ದ ಹೊಲಿಗೆ ಹಾಕಿದರೆ ಕಡಿಮೆಯಾಗುತ್ತೆ, ಪೂರ್ತಿ ಹೋಗಿಸೋ ಉಪಾಯ ಗೊತ್ತಿರೋರು ಇಲ್ಲಿದ್ದರೆ ಬರೆಯಿರಿ.