ಮಾತ್ರೆಗೆ ಬಗ್ಗದ ಶುಗರ್: ಟೈಪ್ 2 ಅಲ್ಲದೇ ಇರಬಹುದು

ಪ್ರಶ್ನೆ: ವಯಸ್ಸು 38, ಎತ್ತರ 165 ಸೆಂ.ಮೀ., ತೂಕ 54 ಕೆಜಿ. ಎರಡು ವರ್ಷದ ಹಿಂದೆ ಟೈಪ್ 2 ಅಂದ್ರು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತಗೋತಿದ್ದೀನಿ, ಪಥ್ಯಾನೂ ಬಿಟ್ಟಿಲ್ಲ. ಆದ್ರೂ ಎಚ್‌ಬಿಎ1ಸಿ 9.6. ಈ ವರ್ಷ 5 ಕೆಜಿ ಇಳಿದಿದ್ದೀನಿ. ಥೈರಾಯ್ಡ್ ಮಾತ್ರೆನೂ ಇದೆ. ಇದು ನಿಜವಾಗ್ಲೂ ಟೈಪ್ 2 ಏನಾ?

ನಾನು ಸಕ್ಕರೆ ಕಾಯಿಲೆ ನೋಡುವ ವೈದ್ಯೆ. ನನಗೆ ಮೊದಲು ಅನುಮಾನ ಬರುವುದು ಲಾಡಾ ಎಂಬ ಬಗೆಯ ಸಕ್ಕರೆ ಕಾಯಿಲೆಯ ಮೇಲೆ. ಟೈಪ್ 1ರ ಹಾಗೆ ಇದರಲ್ಲೂ ದೇಹದ ರೋಗನಿರೋಧಕ ಶಕ್ತಿಯೇ ಇನ್ಸುಲಿನ್ ತಯಾರಿಸುವ ಕೋಶಗಳ ಮೇಲೆ ತಿರುಗಿಬೀಳುತ್ತದೆ. ಆದರೆ ನಿಧಾನವಾಗಿ. ಶುರುವಿನಲ್ಲಿ ಮಾತ್ರೆಯಲ್ಲೇ ಶುಗರ್ ಹತೋಟಿಗೆ ಬರುವುದರಿಂದ ಎಲ್ಲರೂ ಟೈಪ್ 2 ಅಂದುಕೊಳ್ಳುತ್ತಾರೆ.

ತೆಳ್ಳಗಿರುವುದೊಂದನ್ನೇ ನೋಡಿ ನಾನು ಹೀಗೆ ಹೇಳುತ್ತಿಲ್ಲ. ನಮ್ಮಲ್ಲಿ ತೆಳ್ಳಗಿರುವವರಿಗೂ ಟೈಪ್ 2 ಬರುತ್ತದೆ. ಆದರೆ 50ರೊಳಗಿನ ವಯಸ್ಸು, ಇಳಿಯುತ್ತಿರುವ ತೂಕ, ಇಷ್ಟು ಬೇಗ ಸೋತ ಮಾತ್ರೆ, ಜೊತೆಗೆ ಥೈರಾಯ್ಡ್, ಇವೆಲ್ಲ ಒಟ್ಟಿಗೆ ಬಂದಾಗ ಸುಮ್ನೆ ಡೋಸ್ ಏರಿಸುತ್ತಾ ಹೋಗಬಾರದು. ಥೈರಾಯ್ಡ್ ಕಡಿಮೆಯಾಗುವುದಕ್ಕೂ ಎಷ್ಟೋ ಸಲ ಇದೇ ಬಗೆಯ ದಾಳಿ ಕಾರಣ.

ಮೊದಲು, ಈ ದಾಳಿಯ ಗುರುತನ್ನು ರಕ್ತದಲ್ಲಿ ಹುಡುಕುವ ಜಿಎಡಿ ಆಂಟಿಬಾಡಿ ಪರೀಕ್ಷೆ ಮಾಡಿಸಿ. ಅದು ಸ್ಪಷ್ಟವಾಗಿ ಪಾಸಿಟಿವ್ ಬಂದರೆ ಲಾಡಾ ಎನ್ನಬಹುದು. ಅಂಚಿನಲ್ಲಿದ್ದರೆ ಮತ್ತೊಮ್ಮೆ ನೋಡಬೇಕು, ಸಣ್ಣ ಏರಿಕೆ ಸುಳ್ಳೂ ಆಗಿರಬಹುದು. ಜೊತೆಗೆ ಸಿ-ಪೆಪ್ಟೈಡ್ ಮತ್ತು ಅದೇ ಹೊತ್ತಿನ ಶುಗರ್. ನಿಮ್ಮ ದೇಹ ಇನ್ನೂ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಅಂತ ಸಿ-ಪೆಪ್ಟೈಡ್ ಹೇಳುತ್ತದೆ. ಲಾಡಾ ಇದ್ದು ಅದು 0.9 ನ್ಯಾನೋಗ್ರಾಂಗಿಂತ (ಪ್ರತಿ ಮಿಲಿಲೀಟರ್‌ಗೆ) ಕಡಿಮೆಯಿದ್ದರೆ ಇನ್ಸುಲಿನ್ ಬೇಕೇ ಬೇಕು. 2.1ಕ್ಕಿಂತ ಜಾಸ್ತಿ ಇದ್ದರೆ ಸದ್ಯಕ್ಕೆ ಮಾತ್ರೆ ಸಾಕಾಗಬಹುದು. ಈ ಎರಡರ ನಡುವೆ ಇದ್ದರೆ ಸುಮಾರು ಆರು ತಿಂಗಳಿಗೊಮ್ಮೆ ಮತ್ತೆ ಅಳೆಯಬೇಕು. ಒಂದು ವಿಷಯ: ಶುಗರ್ ಬಹಳ ಏರಿದ್ದಾಗ ಈ ಸಂಖ್ಯೆ ನಿಜಕ್ಕಿಂತ ಕಡಿಮೆ ಬರಬಹುದು.

ಲಾಡಾ ಇರುವವರಿಗೆ ಗ್ಲಿಮೆಪಿರೈಡ್ ಸರಿಯಾದ ಮದ್ದಲ್ಲ. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ಸೇರಿಸೋಣ ಅಂತ ನಿಮ್ಮ ವೈದ್ಯರು ಅಂದರೆ ಲಾಡಾ ಅನುಮಾನವನ್ನು ಮೊದಲು ಹೇಳಿಬಿಡಿ. ಇನ್ಸುಲಿನ್ ಕೊರತೆ ಇರುವವರಲ್ಲಿ ಆ ಮಾತ್ರೆಯಿಂದ, ಶುಗರ್ ಅಷ್ಟೇನೂ ಏರದೆಯೂ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಹೆಚ್ಚಿ ಪ್ರಾಣಕ್ಕೆ ಅಪಾಯವಾಗಬಹುದು.

ಜಿಎಡಿ ನೆಗೆಟಿವ್ ಬಂದು ಸಿ-ಪೆಪ್ಟೈಡ್ ಚೆನ್ನಾಗಿದ್ದರೆ ಮನೆಯ ಕಡೆ ನೋಡಬೇಕು. ಅಜ್ಜಿ, ಅಪ್ಪ, ನೀವು ಹೀಗೆ ಸಾಲಾಗಿ, ಅದರಲ್ಲೂ ಯಾರಿಗಾದರೂ 25ರೊಳಗೆ ಶುಗರ್ ಬಂದಿದೆಯಾ? ಆಗ ಒಂದೇ ಜೀನ್‌ನ ದೋಷದಿಂದ ಬರುವ ಮೋಡಿ ಎಂಬ ಸಕ್ಕರೆ ಕಾಯಿಲೆ ಇರಬಹುದು. ಅದರ ಎಚ್‌ಎನ್‌ಎಫ್1ಎ ಎಂಬ ಬಗೆಯಲ್ಲಿ ಇದೇ ಗ್ಲಿಮೆಪಿರೈಡ್ ಗುಂಪಿನ ಮಾತ್ರೆ ಸಣ್ಣ ಡೋಸ್‌ನಲ್ಲೇ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ನಿಮಗೆ ಹಾಗಾಗಿಲ್ಲ, ಅದಕ್ಕೇ ನಾನು ಲಾಡಾ ಕಡೆ ವಾಲುತ್ತಿದ್ದೇನೆ. ಮೋಡಿಗೆ ಜೀನ್ ಪರೀಕ್ಷೆ ದುಬಾರಿ, ಜಿಎಡಿ ವರದಿ ಬಂದ ಮೇಲೆ ಯೋಚಿಸಿ.

ಈಗಿನ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ವರದಿಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ ಕೀಟೋನ್ ಪರೀಕ್ಷೆ ಮಾಡಿಸಿ.