ಮಗುವಿಗೆ ಎಷ್ಟು ಎಂಎಲ್ ಎಂದು ಕೇಳಿದರೆ ಮೆಡಿಕಲ್ ಕೌಂಟರ್‌ನಲ್ಲಿ ಏನು ಹೇಳಬೇಕು?

ಪ್ರಶ್ನೆ: ಪುಣೆಯ ಹಡಪ್ಸರದಲ್ಲಿ ಮೆಡಿಕಲ್ ಕೌಂಟರ್‌ಗೆ ಹೊಸದಾಗಿ ಸೇರಿದ್ದೇನೆ. ಜ್ವರದ ಸಿರಪ್ ತೋರಿಸಿ "ಕಿತಿ ಎಮ್ಎಲ್ ದೇಊ?" ಅಂತ ತಾಯಂದಿರು ಕೇಳ್ತಾರೆ. ತಪ್ಪಾಗದ ಹಾಗೆ ಹೇಗೆ ಉತ್ತರಿಸಲಿ?

ಉತ್ತರ: ಬಾಟಲಿಯ ಲೇಬಲ್ ಓದುವ ಮೊದಲು ಎಂಎಲ್ ಸಂಖ್ಯೆ ಬಾಯಿಂದ ಬರಬಾರದು. ನೀವು ನೋಂದಾಯಿತ ಫಾರ್ಮಸಿಸ್ಟ್ ಅಲ್ಲದಿದ್ದರೆ ಪ್ರಮಾಣ ಹೇಳುವುದು ನಿಮ್ಮ ಕೆಲಸವಲ್ಲ. ವಿವರ ಕೇಳಿಕೊಂಡು ಫಾರ್ಮಸಿಸ್ಟ್ ಮುಂದಿಡಿ.

ಮಕ್ಕಳ ಪ್ಯಾರಸಿಟಮಾಲ್ ಒಂದೇ ಗಾಢತೆಯಲ್ಲಿ ಬರುವುದಿಲ್ಲ, ಎಡವಟ್ಟು ಆಗುವುದೇ ಇಲ್ಲಿ. ಸಾಮಾನ್ಯ ಸಿರಪ್‌ನ 5 ಎಂಎಲ್‌ನಲ್ಲಿ 120 ಅಥವಾ 125 ಮಿ.ಗ್ರಾಂ ಇರುತ್ತದೆ, ಡಬಲ್ ಸ್ಟ್ರೆಂತ್‌ನ 5 ಎಂಎಲ್‌ನಲ್ಲಿ 250. ಡ್ರಾಪ್ಸ್‌ನಲ್ಲಾದರೆ ಬರೀ 1 ಎಂಎಲ್‌ಗೇ 100 ಮಿ.ಗ್ರಾಂ.

10 ಕೆ.ಜಿ. ತೂಗುವ ಒಂದು ಮಗುವನ್ನು ತಗೊಳ್ಳಿ. ಒಂದು ಸಲಕ್ಕೆ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ ಲೆಕ್ಕದಲ್ಲಿ 100ರಿಂದ 150 ಮಿ.ಗ್ರಾಂ ಬೇಕು. 120ರ ಸಿರಪ್ 5 ಎಂಎಲ್ ಕೊಟ್ಟರೆ ಸರಿಹೋಗುತ್ತದೆ. ಅದೇ ಮನೆಯಲ್ಲಿ ಮುಂದಿನ ಜ್ವರಕ್ಕೆ ಡ್ರಾಪ್ಸ್ ಒಯ್ದು, ಹಳೇ ನೆನಪಿನಲ್ಲಿ 5 ಎಂಎಲ್ ಕುಡಿಸಿದರೆ 500 ಮಿ.ಗ್ರಾಂ ಹೊಟ್ಟೆಗೆ ಹೋಗುತ್ತದೆ, ನಾಲ್ಕು ಪಟ್ಟಿಗಿಂತ ಹೆಚ್ಚು. ಹೀಗೆ ಮರುಕಳಿಸಿದರೆ ಪೆಟ್ಟು ಬೀಳುವುದು ಲಿವರ್‌ಗೆ, ಅದೂ ಮೊದಲ ದಿನ ಹೊರಗೆ ಏನೂ ಕಾಣದೆ. ಡ್ರಾಪ್ಸ್‌ನಲ್ಲಿ ಈ ಮಗುವಿಗೆ 1.2 ಎಂಎಲ್ ಸಾಕು.

ಹಾಗಾಗಿ ಮೊದಲು ಕೇಳಬೇಕಾದ್ದು ತೂಕ. ಗೊತ್ತಿಲ್ಲ ಅಂದರೆ, ತಾಯಿ ಮಗುವನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಲಿ, ಆಮೇಲೆ ಒಬ್ಬರೇ ನಿಲ್ಲಲಿ, ಕಳೆದರೆ ಬಂತು. ಲಸಿಕೆ ಕಾರ್ಡಿನ ತೂಕ ಎಷ್ಟೋ ತಿಂಗಳು ಹಳೆಯದಿರಬಹುದು, ತಾರೀಖು ನೋಡಿ. ಎರಡನೆಯದಾಗಿ, ಇವತ್ತು ಬೇರೆ ಏನು ಕೊಟ್ಟಿದ್ದೀರಿ, ಎಷ್ಟು ಹೊತ್ತಿಗೆ ಅಂತ ಕೇಳಿ. ನೆಗಡಿಯ ಎಷ್ಟೋ ಸಿರಪ್‌ಗಳಲ್ಲೂ ಪ್ಯಾರಸಿಟಮಾಲ್ ಇರುತ್ತದೆ. ತಾಯಿ ಅದನ್ನು "ಸರ್ದಿಚಂ ಔಷಧ" ಅಂತಾರೆಯೇ ಹೊರತು ಜ್ವರದ ಔಷಧ ಅನ್ನುವುದಿಲ್ಲ, ಲೆಕ್ಕ ಅಲ್ಲೇ ತಪ್ಪುತ್ತದೆ. ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ ಅಂತರ ಇರಬೇಕು, 24 ಗಂಟೆಯಲ್ಲಿ 4 ಸಲ ಮೀರಬಾರದು.

ಡಾಕ್ಟರ ಚೀಟಿ ಇದ್ದರೆ ಅದರಲ್ಲಿರುವ ಗಾಢತೆಯ ಬಾಟಲಿಯನ್ನೇ ಕೊಡಿ. ಸ್ಟಾಕ್ ಇಲ್ಲವೆಂದು ಬೇರೆಯದನ್ನು ಕೊಡುವ ಮೊದಲು ಫಾರ್ಮಸಿಸ್ಟ್ ಡಾಕ್ಟರಿಗೆ ಫೋನ್ ಮಾಡಲಿ.

"ಏಕ್ ಚಮಚಾ" ಅಂತ ಹೇಳಿ ಕಳಿಸಬೇಡಿ. ಅಡುಗೆಮನೆಯ ಚಮಚ ಒಂದೊಂದು ಮನೆಯಲ್ಲಿ ಒಂದೊಂದು ಅಳತೆ. ಆ ಬಾಟಲಿಯ ಜೊತೆ ಬಂದ ಅಳತೆ ಕಪ್ ಅಥವಾ ಡ್ರಾಪರ್ ಮೇಲೆ ಗೆರೆ ಎಳೆದು ತೋರಿಸಿ, ಎಲ್ಲಿವರೆಗೆ ತುಂಬುತ್ತೀರಿ ಅಂತ ಅವರಿಂದಲೇ ಹೇಳಿಸಿ. ತಪ್ಪು ಗೆರೆ ತೋರಿಸಿದರೆ ಅಲ್ಲೇ ತಿದ್ದಬಹುದು.

ಮಗುವಿಗೆ ಇನ್ನೂ 3 ತಿಂಗಳು ತುಂಬಿಲ್ಲದಿದ್ದರೆ, ಅಥವಾ ಮಗು ಮಂಕಾಗಿ ಹಾಲೇ ಕುಡಿಯದಿದ್ದರೆ, ಫಿಟ್ಸ್ ಬಂದಿದ್ದರೆ ಎಂಎಲ್ ಹೇಳಲೇಬೇಡಿ, ನೇರ ಆಸ್ಪತ್ರೆಗೆ ಕಳಿಸಿ. ಹೆಚ್ಚು ಕುಡಿಸಿಬಿಟ್ಟೆವು ಅಂತ ಬಂದರೂ ಅಷ್ಟೇ, ಮಗು ಆಡಿಕೊಂಡಿದ್ದರೂ ಕಾಯಿಸದೆ ಬಾಟಲಿ ಸಮೇತ ಕಳಿಸಿ.