ಸ್ಟಾಕ್ ಟರ್ನೋವರ್ 11.4 ಅಲ್ಲ, 10

"ಕಿರಾಣಿ ಅಂಗಡಿ. ಏಪ್ರಿಲ್ 1ಕ್ಕೆ ಸ್ಟಾಕ್ 6 ಲಕ್ಷ, ವರ್ಷದ ಖರೀದಿ 48 ಲಕ್ಷ, ಮಾರ್ಚ್ 31ಕ್ಕೆ ಸ್ಟಾಕ್ 4 ಲಕ್ಷ, ಮಾರಾಟ 57 ಲಕ್ಷ. ನನಗೆ ಟರ್ನೋವರ್ 11.4 ಬಂತು, ಆಡಿಟರ್ 10 ಅಂತಾರೆ. ಯಾಕೆ?"

ಸ್ಟಾಕ್ ಟರ್ನೋವರ್ ಅಂದ್ರೆ ಸರಾಸರಿ ಸ್ಟಾಕ್ ವರ್ಷಕ್ಕೆ ಎಷ್ಟು ಸಲ ಮಾರಿ ಹೋಗುತ್ತದೆ ಅನ್ನೋ ಲೆಕ್ಕ. ನೀವು ಮಾರಾಟವನ್ನೇ ಸರಾಸರಿ ಸ್ಟಾಕಿನಿಂದ ಭಾಗಿಸಿದ್ದೀರಿ ಅನ್ಸುತ್ತೆ. 57ರಲ್ಲಿ ನಿಮ್ಮ ಲಾಭವೂ ಸೇರಿದೆ, ಸ್ಟಾಕ್ ಮಾತ್ರ ಕೊಂಡ ಬೆಲೆಯಲ್ಲಿದೆ. ಎರಡೂ ಕೊಂಡ ಬೆಲೆಯಲ್ಲೇ ಇರಬೇಕು.

ಮೊದಲು ಮಾರಿದ ಮಾಲಿನ ಅಸಲು ತೆಗೆಯಿರಿ: 6 + 48 − 4 = 50 ಲಕ್ಷ. ಕಂಪನಿಗೆ ವಾಪಸ್ ಕಳಿಸಿದ ಮಾಲು, ಮನೆಗೆ ಒಯ್ದ ಅಕ್ಕಿ, ಎಣ್ಣೆ ಇದ್ದರೆ ಖರೀದಿಯಿಂದ ಮೊದಲೇ ಕಳೆಯಿರಿ. ಆಮೇಲೆ ಸರಾಸರಿ ಸ್ಟಾಕ್: (6 + 4) ÷ 2 = 5 ಲಕ್ಷ. 50 ÷ 5 = 10 ಸಲ. 365 ÷ 10 = 36.5, ಅಂದ್ರೆ ಮಾಲು ಸುಮಾರು 37 ದಿನ ಅಂಗಡಿಯಲ್ಲಿ ಕೂರುತ್ತದೆ.

ಆದರೆ ಈ 37 ದಿನವನ್ನು ಪೂರ್ತಿ ನಂಬಬೇಡಿ. ಮಾರ್ಚ್ ಕೊನೆಗೆ ಸ್ಟಾಕ್ ಇಳಿಸಿದ್ರೆ ಸರಾಸರಿ ಕಡಿಮೆಯಾಗಿ ಮಾಲು ಬೇಗ ಖಾಲಿಯಾದಂತೆ ಕಾಣುತ್ತದೆ. ನಿಮ್ಮಲ್ಲಿ ಹಾಗಾಗಿದೆಯಾ ಅಂತ ಎರಡೇ ತಾರೀಖಿನ ಲೆಕ್ಕದಿಂದ ಹೇಳಕ್ಕಾಗಲ್ಲ. ಪ್ರತಿ ತಿಂಗಳ ಕೊನೆಯ ಸ್ಟಾಕ್ ಬರೆದಿಟ್ಟಿದ್ದರೆ ಆ 12ರ ಸರಾಸರಿ ಹಾಕಿ. ಅದು 6.25 ಲಕ್ಷ ಬಂದರೆ ಟರ್ನೋವರ್ 8ಕ್ಕೆ ಇಳಿಯುತ್ತದೆ, ದಿನ ಸುಮಾರು 46 ಆಗುತ್ತದೆ.

ಬೇಳೆ, ಬಿಸ್ಕತ್ತು, ಸೋಪು ಎಲ್ಲಕ್ಕೂ ಇದೇ ಲೆಕ್ಕ ಬೇರೆ ಬೇರೆ ಮಾಡಿ. ಯಾವುದು ಕೂತಿದೆ ಅಂತ ಆಗಲೇ ಗೊತ್ತಾಗೋದು.